ಮಲ್ಲಪ್ಪ ಕಾಕಾ

ಬಾಗಲಕೋಟೆಯ ನವನಗರದಲ್ಲಿ ಯಾರನ್ನೇ ಕೇಳಿ, ವಿಳಾಸ ಅಂದರೆ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಅಪಾರ್ಟ್‌ಮೆಂಟಿನವರು ಮಲ್ಲಪ್ಪನನ್ನು ರಾತ್ರಿ ವಾಚ್‌ಮನ್ ಕೆಲಸಕ್ಕೆ ಇಟ್ಟುಕೊಂಡಾಗಲೂ ಕೈಗೆ ಕೊಟ್ಟಿದ್ದು ಫ್ಲ್ಯಾಟ್ ನಂಬರಿನ ಪಟ್ಟಿ. ಆತ ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದೊಂದೇ ಹೆಸರು ಬರೆದುಕೊಂಡ. ಮರುವಾರದಿಂದ ಗೇಟು ತೆಗೆಯುತ್ತಲೇ ಶುರು.

"ಸರೋಜಕ್ಕಾರ, ಇವತ್ತ ಭಾಳ ತಡಾ ಆತಲ್ರಿ?"

ಮೊದಮೊದಲು ಎಲ್ಲರೂ ಸುಮ್ನೆ ತಲೆಯಾಡಿಸಿ ಹೋಗುತ್ತಿದ್ದರು. ಸರೋಜಾ ನರ್ಸು, ಮಾತು ಕಡಿಮೆ. ಒಂದು ರಾತ್ರಿ ಮಾತ್ರ ಆಕೆ ಹೆಲ್ಮೆಟ್ ತೆಗೆಯದೆ ಸ್ಕೂಟರ್ ಮೇಲೇ ಕೂತಿದ್ದಳು. "ಕೂಸು ಉಳೀಲಿಲ್ಲ ಕಾಕಾ" ಅಂದಳು. ಮಲ್ಲಪ್ಪ ಏನೂ ಕೇಳಲಿಲ್ಲ. ಆಕೆ ಇಳಿದ ಮೇಲೆ ಸ್ಕೂಟರನ್ನು ತಾನೇ ತಳ್ಳಿಕೊಂಡು ಹೋಗಿ ಸ್ಟ್ಯಾಂಡ್ ಹಾಕಿದ. ಅವತ್ತಿನಿಂದ ಆಕೆ ದಿನಾ ಎರಡು ಮಾತಾಡಿಯೇ ಮೇಲೆ ಹೋಗುವುದು. ಪ್ರವೀಣ ನಸುಕಿನಲ್ಲೇ ಎದ್ದು ಓಡುವುದು ಪೊಲೀಸ್ ನೇಮಕಾತಿಗೆ, ಈ ಸಲ ಆಗದಿದ್ದರೆ ವಯಸ್ಸು ಮೀರುತ್ತದೆ ಅನ್ನುವುದೂ ಹೀಗೇ ಗೊತ್ತಾಯಿತು.

ಹಿರೇಮಠ ಮಾಸ್ತರರದು ಬೇರೆ ಕತೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಇಲ್ಲ. ರಾತ್ರಿ ಎರಡಕ್ಕೆ ಮಫ್ಲರ್ ಸುತ್ತಿಕೊಂಡು ಕೆಳಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತಿಲ್ಲದೆ ಕೂರುವುದು, ಅಷ್ಟೇ. "ಬರ್ರಿ ಸರ, ಚಾ ಐತಿ" ಅಂತ ಮಲ್ಲಪ್ಪ ಥರ್ಮಾಸಿನ ಮುಚ್ಚಳದಲ್ಲೇ ಬಗ್ಗಿಸಿ ಕೊಡುತ್ತಿದ್ದ.

ಒಂದು ರಾತ್ರಿ ಮಾಸ್ತರೇ ಕೇಳಿದರು. "ಎಲ್ಲಾರ ಹೆಸರೂ ಹೆಂಗ ನೆನಪ ಇಡ್ತಿಯೋ ಮಲ್ಲಪ್ಪ?"

"ನಮ್ಮ ಊರು ಆಲಮಟ್ಟಿ ಹಿನ್ನೀರಾಗ ಹೋತ್ರಿ ಸರ. ದಿನಾ ಮಲಗೂ ಮುಂದ ಒಂದೊಂದ ಮನಿ ನೆನಸ್ತೀನ್ರಿ. ಅದ ರೂಢಿ ಆಗೇತಿ."

ಮಲ್ಲಪ್ಪ ಊರಿನ ಹೆಸರನ್ನೂ ಹೇಳಿದ. ಅದನ್ನು ಕೇಳಿದ್ದೇ ಮಾಸ್ತರು ನೆಟ್ಟಗೆ ಕೂತರು. "ಹೇಳು. ಅಗಸಿಯಿಂದ ಹೇಳು."

"ಅಗಸಿ ದಾಟಿದ್ರ ಬಡಿಗ್ಯಾರ ಈರಪ್ಪ. ಆಮ್ಯಾಲ ಕುಂಬಾರ ಗಂಗವ್ವ. ಆಕಿ ಎದುರಿಗೆ ನಮ್ಮ ಸ್ವಾದರಮಾವ. ಹಣಮಪ್ಪನ ಗುಡಿ. ಗುಡಿ ಬಾಜೂ..." ಮಲ್ಲಪ್ಪ ತಡೆದ. "ಇಲ್ಲೇ ನೋಡ್ರಿ, ಯಾವಾಗಲೂ ಇಲ್ಲೇ ತಪ್ಪತೈತಿ."

"ದೇಸಾಯರ ಮನಿ ಅದು," ಅಂದರು ಮಾಸ್ತರು. "ನನ್ನ ಮೊದಲನೇ ನೌಕರಿ ನಿಮ್ಮೂರ ಸಾಲ್ಯಾಗ. ಮದುವಿ ಆದ ಹೊಸದಾಗಿ ಅಲ್ಲೇ ಬಾಡಿಗಿ ಇದ್ವಿ."

ಮಲ್ಲಪ್ಪ ಮುಚ್ಚಳಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ. "ಬಾಯಾರ ಹೆಸರೇನ್ರಿ ಸರ?"

"ಶಾಂತಾ."

ಆಮೇಲೆ ಆ ಮನೆಯ ಹಿತ್ತಲು, ಮಳೆಗೆ ಸೋರುತ್ತಿದ್ದ ಮಾಳಿಗೆ, ಶಾಂತಾ ಕುಂಬಾರ ಗಂಗವ್ವನ ಹತ್ತಿರ ಚೌಕಾಸಿ ಮಾಡಿ ತಂದ ಗಡಿಗೆ, ಅದು ದಾರಿಯಲ್ಲೇ ಒಡೆದದ್ದು, ಇಬ್ಬರೂ ನಕ್ಕಿದ್ದು, ಎಲ್ಲ ಹೇಳುತ್ತಾ ಹೋದರು. ಪ್ರವೀಣ ಬೂಟು ಕಟ್ಟಿಕೊಂಡು ಓಟಕ್ಕೆ ಇಳಿದು ಬಂದಾಗಲೂ ಇನ್ನೂ ಮುಗಿದಿರಲಿಲ್ಲ.