ತಪಾಸಣಾ ವರದಿ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹುಣಸೇಮರದಕೊಪ್ಪಲು

ಸಂಖ್ಯೆ: ತಪಾಸಣೆ/07/2025-26
ಭೇಟಿ ನೀಡಿದ ದಿನ: 12-11-2025, ಬುಧವಾರ, ಬೆಳಿಗ್ಗೆ 10.20ರಿಂದ ಸಂಜೆ 4.00ರವರೆಗೆ (ಮುಂಚಿತ ಸೂಚನೆ ಇಲ್ಲದೆ)
ತಂಡ: ಶಿಕ್ಷಣ ಸಂಯೋಜಕರು, ಆರೋಗ್ಯ ನಿರೀಕ್ಷಣಾಧಿಕಾರಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಕಿರಿಯ ಇಂಜಿನಿಯರ್
ಇವರಿಗೆ: ಮುಖ್ಯ ಶಿಕ್ಷಕರು ಹಾಗೂ ಎಸ್‌ಡಿಎಂಸಿ ಅಧ್ಯಕ್ಷರು

1ರಿಂದ 7ನೇ ತರಗತಿಯವರೆಗೆ 143 ಮಕ್ಕಳ ದಾಖಲಾತಿ, 6 ಮಂದಿ ಶಿಕ್ಷಕರು, 3 ಮಂದಿ ಅಡುಗೆ ಸಿಬ್ಬಂದಿ. ಶಿಕ್ಷಕರ ಸಂಖ್ಯೆಯಲ್ಲಿ ಕೊರತೆಯಿಲ್ಲ. ನ್ಯೂನತೆಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿದೆ. ‘ಅ’ ಎಂದರೆ ಮಗುವಿನ ಜೀವಕ್ಕೆ ಅಪಾಯ, ಕೆಲಸ ಆಗುವವರೆಗೆ ಆ ಜಾಗ ಅಥವಾ ವಸ್ತುವನ್ನು ಬಳಸುವಂತಿಲ್ಲ. ‘ಆ’ ಎಂದರೆ ಆರೋಗ್ಯಕ್ಕೆ ತೊಂದರೆ ಅಥವಾ ನಿಯಮದ ಉಲ್ಲಂಘನೆ. ಉಳಿದದ್ದು ‘ಇ’.

ದರ್ಜೆ ಅ: ಅತಿ ಗಂಭೀರ

ಅ-1. ದಾಸ್ತಾನು ಕೊಠಡಿಯಲ್ಲಿ ಕಳೆನಾಶಕ. ತೊಗರಿಬೇಳೆಯ ಚೀಲಕ್ಕೆ ತಾಗಿದಂತೆ 5 ಲೀಟರಿನ ಕಳೆನಾಶಕದ ಕ್ಯಾನ್ ಇತ್ತು. ಮೂರನೇ ಒಂದು ಭಾಗ ಔಷಧಿ ಉಳಿದಿತ್ತು, ಮುಚ್ಚಳ ಸಡಿಲವಾಗಿತ್ತು, ಚೀಲದ ತಳದಲ್ಲಿ ಅಂಗೈ ಅಗಲದ ಒದ್ದೆ ಕಲೆ ಇತ್ತು. ಆವರಣದ ಹುಲ್ಲಿಗೆ ಹೊಡೆಯಲು ಮಳೆಗಾಲದಲ್ಲಿ ತಂದದ್ದು, ಮಿಕ್ಕಿದ್ದನ್ನು ಇಡಲು ಬೇರೆ ಜಾಗವಿರಲಿಲ್ಲ ಎಂದು ಮುಖ್ಯ ಶಿಕ್ಷಕರು ತಿಳಿಸಿದರು. ಈ ಕ್ಯಾನನ್ನು ಇಲ್ಲಿಂದ ತೆಗೆಸಿ ಎಂದು ಎರಡು ಸಲ ಹೇಳಿದ್ದಾಗಿ ಮುಖ್ಯ ಅಡುಗೆಯವರು ಹೇಳಿದರು, ಮುಖ್ಯ ಶಿಕ್ಷಕರು ಅದನ್ನು ಅಲ್ಲಗಳೆಯಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ಅಡುಗೆ ಸಿಬ್ಬಂದಿಗೆ ನೋಟಿಸ್ ಕೊಡಕೂಡದು.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡದ್ದು ಊಟಕ್ಕೆ ಕೀಟನಾಶಕ ಸೇರಿದ್ದರಿಂದಲೇ. ಇಂಥ ವಸ್ತುವನ್ನು ಆಹಾರ ಪದಾರ್ಥದ ಜೊತೆ ಇಡಬಾರದೆಂದು ತಿಳಿಯಲು ಹೊಸ ಸುತ್ತೋಲೆ ಬೇಕಿಲ್ಲ.

ಸ್ಥಳದಲ್ಲೇ ಕೈಗೊಂಡ ಕ್ರಮ: ಒಲೆಯ ಮೇಲೆ ಬೇಯುತ್ತಿದ್ದ ಬೇಳೆಯನ್ನು ಚೆಲ್ಲಿಸಿ, ಪಾತ್ರೆ ತೊಳೆಸಿ, ಊರಿನ ಅಂಗಡಿಯಿಂದ ಬೇಳೆ ತರಿಸಿ ಅಡುಗೆ ಮಾಡಿಸಲಾಯಿತು. ಊಟ ತಡವಾಗಿ 2 ಗಂಟೆಗೆ ನಡೆಯಿತು. ಉಳಿದ 24 ಕೆ.ಜಿ. ಬೇಳೆಗೆ ಮೊಹರು ಹಾಕಲಾಗಿದೆ. ಅಕ್ಕಿ ಮೂಟೆಗಳು ಎದುರು ಗೋಡೆಯ ಪಕ್ಕ ಹಲಗೆಯ ಮೇಲಿದ್ದವು, ಅವಕ್ಕೆ ಏನೂ ತಾಗಿಲ್ಲ. ಕ್ಯಾನನ್ನು ಶಾಲೆಯ ಹೊರಗೆ ಸಾಗಿಸಲಾಗಿದೆ.
ಗಡುವು: ದಾಸ್ತಾನು ಕೊಠಡಿಯನ್ನು ಪೂರ್ತಿ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಲು 13-11-2025ರ ಬೆಳಿಗ್ಗೆ 9 ಗಂಟೆ. ಬೀಗದ ಒಂದು ಕೀ ಮುಖ್ಯ ಅಡುಗೆಯವರ ಬಳಿಯೇ ಇರಬೇಕು.

ಅ-2. ರುಚಿ ನೋಡುವ ಪುಸ್ತಕ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿದಂತೆ ದೊಡ್ಡವರು ಊಟ ಮಾಡಿ ನೋಡಿ ಸಹಿ ಹಾಕಬೇಕು. ನಾವು ಬೆಳಿಗ್ಗೆ 10.40ಕ್ಕೆ ಪುಸ್ತಕ ತೆರೆದಾಗ ಆ ದಿನದ ಸಾಲಿನಲ್ಲಿ ಆಗಲೇ ‘ರುಚಿ ಹಾಗೂ ಶುಚಿ ಉತ್ತಮ’ ಎಂದು ಬರೆದು ಎರಡು ಸಹಿ ಹಾಕಲಾಗಿತ್ತು. ಅಕ್ಕಿ ಇನ್ನೂ ತೊಳೆದಿರಲಿಲ್ಲ. ಶನಿವಾರದವರೆಗಿನ ಸಾಲುಗಳಲ್ಲೂ ಇದೇ ಶರಾ, ಇದೇ ಸಹಿಗಳು, ಒಂದೇ ಪೆನ್ನು. ಕಾಗದದ ತಪ್ಪನ್ನು ‘ಅ’ ದರ್ಜೆಗೆ ಹಾಕಿದ್ದಕ್ಕೆ ತಂಡದಲ್ಲೇ ಚರ್ಚೆ ಆಯಿತು. ಅ-1ರಲ್ಲಿ ಹೇಳಿದ ಬೇಳೆ ತಟ್ಟೆಗೆ ಹೋಗುವ ಮೊದಲು ಉಳಿದಿದ್ದ ಒಂದೇ ತಡೆ ಇದು, ಅದನ್ನು ನಾಲ್ಕು ದಿನ ಮುಂಚೆಯೇ ತೆಗೆದುಹಾಕಲಾಗಿತ್ತು ಎಂಬ ಕಾರಣಕ್ಕೆ ಇಲ್ಲೇ ಉಳಿಸಿದ್ದೇನೆ.
ಗಡುವು: 13-11-2025ರ ಊಟದಿಂದಲೇ. ಸಹಿಯ ಪಕ್ಕ ವೇಳೆ ನಮೂದಿಸಬೇಕು. ಸಹಿ ಹಾಕಿದ ಇಬ್ಬರೂ ಶಿಕ್ಷಕರು 15-11-2025ರೊಳಗೆ ಲಿಖಿತ ಸಮಜಾಯಿಷಿ ನೀಡಬೇಕು.

ಅ-3. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ಕೊಳವೆಬಾವಿಯ ಸ್ಟಾರ್ಟರ್ 1ನೇ ತರಗತಿಯ ಬಾಗಿಲ ಪಕ್ಕ, ನೆಲದಿಂದ ಮೂರು ಅಡಿ ಎತ್ತರದಲ್ಲಿದೆ. ಬಾಗಿಲಿಲ್ಲ, ಒಂದು ವೈರಿನ ಸಿಪ್ಪೆ ಸುಲಿದಿದೆ, ಅರ್ಥಿಂಗ್ ಇಲ್ಲ. ಲೈನ್‌ಮನ್ ಕರೆಸಿ ಸಂಪರ್ಕ ತೆಗೆಸಲಾಗಿದೆ. ಹೊಸ ಪೆಟ್ಟಿಗೆಯನ್ನು ಆರು ಅಡಿ ಎತ್ತರದಲ್ಲಿ ಅರ್ಥಿಂಗ್ ಸಮೇತ ಕೂರಿಸುವವರೆಗೆ ಮೋಟಾರ್ ಹಾಕುವಂತಿಲ್ಲ. ಅಲ್ಲಿಯವರೆಗೆ ಗ್ರಾಮ ಪಂಚಾಯಿತಿ ಟ್ಯಾಂಕರ್ ನೀರು ಕೊಡಲು ಒಪ್ಪಿದೆ.
ಗಡುವು: 17-11-2025.

ಅ-4. 4ನೇ ಕೊಠಡಿ. ಚಾವಣಿಯ ಗಾರೆ ಎರಡು ಕಡೆ ಉದುರಿ ಕಂಬಿ ಕಾಣುತ್ತಿದೆ, ಕಂಬಿಗೆ ತುಕ್ಕು ಹಿಡಿದಿದೆ. ಅದರ ಕೆಳಗೇ 5ನೇ ತರಗತಿ ನಡೆಯುತ್ತಿತ್ತು. ಮಕ್ಕಳನ್ನು ಗ್ರಂಥಾಲಯದ ಕೊಠಡಿಗೆ ಕಳಿಸಿ ಬೀಗ ಹಾಕಲಾಗಿದೆ. ರಿಪೇರಿಯೋ ನೆಲಸಮವೋ ಎಂಬುದನ್ನು ಕಿರಿಯ ಇಂಜಿನಿಯರ್ 30-11-2025ರೊಳಗೆ ತಿಳಿಸುತ್ತಾರೆ. ಪರೀಕ್ಷೆ, ಸಭೆ, ಚುನಾವಣೆ, ಯಾವ ಕಾರಣಕ್ಕೂ ಈ ಬೀಗ ತೆಗೆಯಬಾರದು.

ದರ್ಜೆ ಆ: ಗಂಭೀರ

ಆ-1. ಹಾಜರಾತಿ ಮತ್ತು ಅಕ್ಕಿಯ ಲೆಕ್ಕ. ಆ ದಿನದ ಹಾಜರಾತಿ 131 ಎಂದು ನಮೂದಾಗಿದೆ (1ರಿಂದ 5: 88, 6 ಮತ್ತು 7: 43). ತಲೆ ಎಣಿಸಿದಾಗ ಸಿಕ್ಕಿದ್ದು 118 (78 ಮತ್ತು 40). ಕಿರಿಯ ಮಕ್ಕಳಿಗೆ 100 ಗ್ರಾಂ, 6-7ನೇ ತರಗತಿಗೆ 150 ಗ್ರಾಂ ಅಕ್ಕಿಯಂತೆ ಪುಸ್ತಕದಲ್ಲಿ 15.25 ಕೆ.ಜಿ. ಖರ್ಚು, ನಿಜವಾಗಿ ಬೇಕಾದದ್ದು 13.8 ಕೆ.ಜಿ. ದಾಸ್ತಾನು ತೂಗಿದಾಗ ಪುಸ್ತಕದಲ್ಲಿರುವ 212 ಕೆ.ಜಿ. ಬದಲು 241 ಕೆ.ಜಿ. ಇತ್ತು. ದಿನಕ್ಕೆ 1.45 ಕೆ.ಜಿ.ಯಂತೆ 20 ದಿನ ಹೆಚ್ಚು ಬರೆದರೆ ಸರಿಯಾಗಿ ಈ 29 ಕೆ.ಜಿ. ಆಗುತ್ತದೆ. ಅಕ್ಕಿ ಶಾಲೆಯಿಂದ ಆಚೆ ಹೋಗಿಲ್ಲ ಎಂಬುದೇ ಸಮಾಧಾನ, ಆದರೆ ಬಂದಿಲ್ಲದ ಮಗುವಿಗೆ ಹಾಜರಿ ಹಾಕಿದರೆ ಆ ಮಗು ಶಾಲೆ ಬಿಡುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. 6ನೇ ತರಗತಿಯ ಇಬ್ಬರು ಹುಡುಗರು ದೀಪಾವಳಿಯಿಂದ ಕಬ್ಬು ಕಡಿಯುವವರ ಜೊತೆ ಹೋಗಿದ್ದಾರೆಂದು ತರಗತಿಯ ಮಕ್ಕಳೇ ಹೇಳಿದರು. ಪುಸ್ತಕದಲ್ಲಿ ಅವರು ಅಂದೂ ಹಾಜರು.
ಗಡುವು: ಆ ಇಬ್ಬರ ಮನೆಗೆ 14-11-2025ರೊಳಗೆ ಭೇಟಿ. ಅಕ್ಟೋಬರ್ ಮತ್ತು ನವೆಂಬರ್ ಲೆಕ್ಕ ಸರಿಪಡಿಸಲು 22-11-2025.

ಆ-2. ಬಾಲಕಿಯರ ಶೌಚಾಲಯ. ಎರಡರಲ್ಲಿ ಒಂದರ ತುಂಬ ಮುರಿದ ಬೆಂಚುಗಳಿವೆ. ಇನ್ನೊಂದರ ಒಳಚಿಲಕ ಕಿತ್ತುಹೋಗಿದೆ, ಒಳಗೆ ನಲ್ಲಿ ಇಲ್ಲ. ಶುಚಿ ಯೋಜನೆಯ ಪ್ಯಾಡ್‌ಗಳು ಮುಖ್ಯ ಶಿಕ್ಷಕರ ಬೀರುವಿನಲ್ಲಿ ಕಟ್ಟು ಬಿಚ್ಚದೆ ಬಿದ್ದಿವೆ. ಗಂಡಸರಾದ ಹೆಡ್‌ಮಾಸ್ತರ ಬಳಿ ಹೋಗಿ 7ನೇ ತರಗತಿಯ ಹುಡುಗಿ ಪ್ಯಾಡ್ ಕೇಳುತ್ತಾಳೆಂದು ನಿರೀಕ್ಷಿಸುವುದು ತಪ್ಪು. ಅವನ್ನು ನಾಳೆಯೇ ಹಿರಿಯ ಶಿಕ್ಷಕಿಗೆ ಒಪ್ಪಿಸಬೇಕು.
ಗಡುವು: ಚಿಲಕ ಮತ್ತು ಬೆಂಚು ತೆರವಿಗೆ 15-11-2025, ನಲ್ಲಿಗೆ 27-11-2025.

ಆ-3. ಗ್ಯಾಸ್ ಮತ್ತು ಅಗ್ನಿಶಾಮಕ. ಗ್ಯಾಸ್ ಪೈಪಿನ ಮೇಲೆ ಮುದ್ರಿಸಿದ ಅವಧಿ 2023ಕ್ಕೇ ಮುಗಿದಿದೆ. ತುಂಬಿದ ಸಿಲಿಂಡರ್ ಒಲೆಯ ಮಗ್ಗುಲಲ್ಲೇ ಇದೆ. ಅಗ್ನಿಶಾಮಕದ ಮುಳ್ಳು ಕೆಂಪಿನಲ್ಲಿದೆ. ಪೈಪ್ ಬದಲಾವಣೆಗೆ 14-11-2025, ಉಳಿದದ್ದಕ್ಕೆ 22-11-2025.

ಆ-4. ಕುಡಿಯುವ ನೀರು. ಟ್ಯಾಂಕಿನ ಮುಚ್ಚಳ ಒಡೆದಿದೆ, ತಳದಲ್ಲಿ ಎಲೆ, ಕೆಸರು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಅಂಶ ಸ್ವಲ್ಪವೂ ಕಾಣಲಿಲ್ಲ, ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು. ತೊಳೆಯಲು 16-11-2025, ನೀರಿನ ಮಾದರಿಯ ವರದಿ ಸಲ್ಲಿಸಲು 28-11-2025.

ದರ್ಜೆ ಇ: ಸಾಧಾರಣ (ಎಲ್ಲಕ್ಕೂ ಗಡುವು 31-12-2025)

ಇಳಿಜಾರು ದಾರಿಗೆ ಕೈಹಿಡಿ ಇಲ್ಲ. ಆಗಸ್ಟ್ ನಂತರ ಎಸ್‌ಡಿಎಂಸಿ ಸಭೆ ನಡೆದಿಲ್ಲ. ಗ್ರಂಥಾಲಯದ ಪುಸ್ತಕಗಳು ಹೊಸದರಂತಿವೆ, ಇದನ್ನು ಹೊಗಳಿಕೆ ಎಂದು ಭಾವಿಸಬಾರದು. 5ನೇ ತರಗತಿ ಈಗ ಅಲ್ಲೇ ಕೂರುವುದರಿಂದ ಬೀರು ತೆರೆದಿಡಿ.

ನಲಿ-ಕಲಿ ತರಗತಿಯ ಬಗ್ಗೆ ಒಂದು ಮಾತು: 3ನೇ ತರಗತಿಯ ಮಕ್ಕಳು ಕೇಳಿದ ಕಡೆ ತೆರೆದು ಪಾಠ ಓದಿದರು, ಅಂಗಡಿ ಲೆಕ್ಕ ಬಾಯಲ್ಲೇ ಹೇಳಿದರು. ಆ ಶಿಕ್ಷಕಿಯ ತರಗತಿಯನ್ನು ಕ್ಲಸ್ಟರಿನ ಇತರ ಶಿಕ್ಷಕರಿಗೆ ತೋರಿಸುವಂತೆ ಸಿಆರ್‌ಪಿಯವರಿಗೆ ಸೂಚಿಸಿದೆ.

ಅನುಪಾಲನೆ: ಪ್ರತಿ ಗಡುವಿನ ಮರುದಿನ ಫೋಟೊ ಸಹಿತ ವರದಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ತಲುಪಬೇಕು. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರವನ್ನು ಅನುಪಾಲನೆ ಎಂದು ಪರಿಗಣಿಸುವುದಿಲ್ಲ. ಸ್ಟಾರ್ಟರ್, ಚಿಲಕ, ಪೈಪು, ಮುಚ್ಚಳಗಳ ಖರ್ಚನ್ನು ಶಾಲಾ ಅನುದಾನದ ಉಳಿಕೆಯಿಂದ ಭರಿಸಬಹುದು, ಪಾಸ್‌ಬುಕ್ ನೋಡಿದ್ದೇನೆ, ಹಣ ಇದೆ. ‘ಅ’ ದರ್ಜೆಯ ಯಾವುದೇ ಅಂಶ ಗಡುವು ಮೀರಿದರೆ ಶಿಸ್ತು ಕ್ರಮಕ್ಕೆ ಶಿಫಾರಸು ಮಾಡಲಾಗುವುದು. ನವೆಂಬರ್ ಮುಗಿಯುವುದರೊಳಗೆ ಮರುಭೇಟಿ ಇರುತ್ತದೆ, ದಿನ ತಿಳಿಸುವುದಿಲ್ಲ.

ಸಹಿ/-
ಶಿಕ್ಷಣ ಸಂಯೋಜಕರು

ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಅ-3, ಆ-2, ಆ-4ರ ಬಗ್ಗೆ), ಶಾಲೆಯ ಸೂಚನಾ ಫಲಕ.