ಬೆಂಗಳೂರು–ಮೈಸೂರು ಹಳೇ ರೋಡ್, ಭಾನುವಾರದ ಬಸ್ಸು, ಮೈಕ್ ನನ್ ಕೈಲಿ

ಹಲೋ, ಹಲೋ, ಹಿಂದ್ಗಡೆ ಕೇಳಿಸ್ತಿದ್ಯಾ? ಕೊನೇ ಸೀಟಿನ ಅಜ್ಜಿ ಕೈ ಎತ್ತಿದ್ರು, ಆಯ್ತು ಹಂಗಾದ್ರೆ ಎಲ್ರಿಗೂ ಕೇಳಿಸ್ತಿದೆ. ಧಾರವಾಡದಿಂದ ಬಂದಿರೋ ಎಲ್ರಿಗೂ ನಮಸ್ಕಾರ. ಇವತ್ತು ಹೊಸ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರೋಡಲ್ಲಿ ಹೋಗ್ತಿದೀವಿ, ಅಲ್ಲಿ ಬೇಗ ಹೋಗ್ಬೋದು ಆದ್ರೆ ಊರೊಂದೂ ಕಾಣ್ಸಲ್ಲ, ಬರೀ ಬೋರ್ಡು. ಎಡಕ್ಕೆ ಅಂದ್ರೆ ಡೋರ್ ಸೈಡ್, ಬಲಕ್ಕೆ ಅಂದ್ರೆ ಡ್ರೈವರ್ ಸೈಡ್, ಹಂಗೇ ಹೇಳ್ತೀನಿ, ಕನ್ಫ್ಯೂಸ್ ಆಗ್ಬೇಡಿ.

ಕಿಟಕಿ ಸ್ವಲ್ಪ ಹೊತ್ತು ಮುಚ್ಕೊಳ್ಳಿ, ಕೆಂಗೇರಿ ಬಂತು. ಈ ವಾಸನೆ ಬರ್ತಿರೋದು ವೃಷಭಾವತಿ ನದಿಯದ್ದು. ಹೌದು ಸರ್, ನದೀನೇ, ಮೋರಿ ಅಲ್ಲ. ಬಸವನಗುಡಿ ಬಸವಣ್ಣನ ಪಾದದಲ್ಲಿ ಹುಟ್ತಾಳೆ ಅಂತ ನಂಬಿಕೆ, ಇಲ್ಲಿಗೆ ಬರೋಷ್ಟ್ರಲ್ಲಿ ಊರಿನ ಕೊಳಚೆ ಎಲ್ಲಾ ಹೊತ್ಕೊಂಡು ಬಂದಿರ್ತಾಳೆ, ಮುಂದೆ ಹೋಗಿ ಅರ್ಕಾವತಿ ಸೇರ್ತಾಳೆ.

ಇನ್ನು ತೆಗೀರಿ ಕಿಟಕಿ.

ಬಿಡದಿ ಬರ್ತಿದೆ, ತಿಂಡಿಗೆ ಇಪ್ಪತ್ತೈದು ನಿಮಿಷ. ತಟ್ಟೆ ಇಡ್ಲಿ ತಗೊಳ್ಳಿ, ಸಣ್ಣ ತಟ್ಟೆಗೇ ಹಿಟ್ಟು ಹುಯ್ದು ಬೇಯ್ಸೋದು ಅದಕ್ಕೇ ಆ ಹೆಸ್ರು. ಎರಡು ಆರ್ಡರ್ ಮಾಡ್ಬೇಡಿ ಅಂತ ಮೊದ್ಲೇ ಹೇಳ್ತಿದೀನಿ, ಆಮೇಲೆ ಮದ್ದೂರಲ್ಲಿ ಹೊಟ್ಟೇಲಿ ಜಾಗ ಇರಲ್ಲ.

ಎಲ್ರೂ ಹತ್ತಿದ್ರಾ? ಹದಿನಾಲ್ಕನೇ ಸೀಟವ್ರು? ಬಂದ್ರು. ರೈಟ್ ಶಿವಣ್ಣ.

ಈಗ ಡ್ರೈವರ್ ಸೈಡ್‌ನವ್ರು ಫೋನ್ ರೆಡಿ ಇಟ್ಕೊಳ್ಳಿ. ದೂರದಲ್ಲಿ ಬಂಡೆ ಬೆಟ್ಟ ಕಾಣ್ಸೋಕೆ ಶುರು ಆಗುತ್ತೆ, ಮಣ್ಣು ಕಮ್ಮಿ, ಬರೀ ಕಲ್ಲು. ಅದರಲ್ಲಿ ಒಂದು ರಾಮದೇವರ ಬೆಟ್ಟ. ಶೋಲೆ ತೆಗ್ದಿದ್ದು ಇಲ್ಲೇ, 1975ರಲ್ಲಿ ರಿಲೀಸ್ ಆಯ್ತು. ಗಬ್ಬರ್ ಎಲ್ಲಿದ್ದ ಅಂತ ಕೇಳ್ಬೇಡಿ ಮೇಷ್ಟ್ರೇ, ಇಲ್ಲಿ ಪ್ರತಿ ಬಂಡೇನೂ ಗಬ್ಬರ್ ಬಂಡೆ ಅಂತಾನೇ ತೋರಿಸ್ತಾರೆ.

ಆದ್ರೆ ನಂಗೆ ಅದಕ್ಕಿಂತ ಇಷ್ಟ ಬೇರೆ ಇದೆ. ಇಂಥ ಬೆಟ್ಟ ಹತ್ರದಿಂದ ನೋಡಿದ್ರೆ ಕಡಿದಾದ ಬಂಡೆ ಮೇಲೆ ಸುಣ್ಣ ಚೆಲ್ಲಿ ಸೋರಿಹೋದಂಗೆ ಬಿಳಿ ಗೆರೆ ಕಾಣುತ್ತೆ, ಅದು ರಣಹದ್ದಿನ ಹಿಕ್ಕೆ, ಅಂದ್ರೆ ಮೇಲೆ ಗೂಡಿದೆ ಅಂತ ಅರ್ಥ. ಉದ್ದ ಕೊಕ್ಕಿನ ರಣಹದ್ದು. 2012ರಲ್ಲಿ ಇದನ್ನ ರಣಹದ್ದು ಧಾಮ ಮಾಡಿದ್ರು. ದನಕ್ಕೆ ನೋವಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ಅನ್ನೋ ಔಷಧಿ, ಆ ದನ ಸತ್ತ ಮೇಲೆ ತಿಂದ ಹದ್ದಿನ ಕಿಡ್ನಿ ಹೋಗ್ತಿತ್ತು, ದೇಶದ ತುಂಬಾ ಲಕ್ಷಗಟ್ಲೆ ಸತ್ವು, 2006ರಲ್ಲಿ ಜಾನುವಾರುಗೆ ಕೊಡೋದು ಬ್ಯಾನ್ ಆಯ್ತು. ಇಲ್ಲಿ ಈಗ ಉಳ್ದಿರೋದು ಬೆರಳೆಣಿಕೆ. ಮೇಲೆ ರೆಕ್ಕೆ ಬಡೀದೆ ಸುಮ್ನೆ ತೇಲ್ತಿರೋದು ಕಂಡ್ರೆ ಕೂಗಿ, ಕಾಗೆ ಕಂಡ್ರೆ ಕೂಗ್ಬೇಡಿ.

ರಾಮನಗರ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತಿತ್ತು, ಬ್ಯಾರಿ ಕ್ಲೋಸ್ ಅನ್ನೋ ಅಧಿಕಾರಿ ಹೆಸ್ರು. ಈಗ ರೇಷ್ಮೆ ಊರು. ಗೂಡಿನ ಮಾರ್ಕೆಟ್ಟಿಗೆ ಹೋದ್ರೆ ರೈತ ತಂದ ಗೂಡು ರಾಶಿ ಹಾಕಿರ್ತಾರೆ, ನೂಲು ತೆಗಿಯೋರು ಒಂದು ಹಿಡಿ ಎತ್ತಿ ಕಿವಿ ಹತ್ರ ಅಲ್ಲಾಡ್ಸಿ ನೋಡ್ತಾರೆ. ವಾಸನೆ ಮಾತ್ರ ಸೀರೆ ಅಂಗಡಿ ತರ ಇರಲ್ಲ ಮೇಡಂ.

ಈ ಹೊಳೆ ಅರ್ಕಾವತಿ. ಆಗ್ಲೇ ಹೇಳಿದ್ನಲ್ಲ ವೃಷಭಾವತಿ, ಅದು ಸೇರೋದು ಇದಕ್ಕೇ, ಇನ್ನೂ ಕೆಳಗಡೆ.

ಜಾನಪದ ಲೋಕದ ಬೋರ್ಡ್ ಬರುತ್ತೆ ನೋಡಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಬೀಸೋ ಕಲ್ಲು, ಮೊರ, ಒನಕೆ, ಸೋಮನ ಕುಣಿತದ ಮುಖವಾಡ, ಎಲ್ಲಾ ಇದೆ ಒಳಗೆ. ಇವತ್ತು ನಿಲ್ಸಲ್ಲ, ಬೇಜಾರಾಗ್ಬೇಡಿ, ವಾಪಸ್ ಬರೋವಾಗ ಟೈಮ್ ಇದ್ರೆ ನೋಡೋಣ. ಇರಲ್ಲ, ಆದ್ರೂ ಹೇಳ್ದೆ.

ಕೆಂಗಲ್. ಕೆಂಪು ಕಲ್ಲಿನ ಆಂಜನೇಯ, ಒಂದು ಕೈ ಮುಗೀರಿ ಸಾಕು. ಸಂಕ್ರಾಂತಿ ಹೊತ್ತಿಗೆ ಇಲ್ಲಿ ದನದ ಜಾತ್ರೆ. ವಿಧಾನಸೌಧ ಕಟ್ಸಿದ ಕೆಂಗಲ್ ಹನುಮಂತಯ್ಯನವ್ರ ಹೆಸ್ರಲ್ಲಿರೋ ಕೆಂಗಲ್ಲೂ ಇದೇ.

ಮಕ್ಳೆಲ್ಲಾ ಎದ್ದೇಳಿ, ಚನ್ನಪಟ್ಟಣ! ರೋಡ್ ಉದ್ದಕ್ಕೂ ಬೊಂಬೆ ಅಂಗಡಿ. ಒಂದು ಕಡೆ ನಿಲ್ಲಿಸ್ತೀವಿ, ಹದಿನೈದೇ ನಿಮಿಷ. ಅಲ್ಲಿ ಒಬ್ರು ಯಂತ್ರದಲ್ಲಿ ಆಲೆ ಮರದ ತುಂಡು ತಿರುಗಿಸ್ತಿರ್ತಾರೆ, ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಆ ಬಿಸಿಗೇ ಕರಗಿ ಅಂಟ್ಕೊಳುತ್ತೆ, ಆಮೇಲೆ ಕೇದಿಗೆ ಎಲೆ ಹಿಡಿದು ಉಜ್ಜಿದ್ರೆ ಕನ್ನಡಿ ತರ ಹೊಳಪು. ಬ್ರಷ್ಷು ಪೇಂಟು ಏನೂ ಇಲ್ಲ. ತಗೊಳ್ಳೋವಾಗ ಪ್ಲಾಸ್ಟಿಕ್ಕೋ ಮರಾನೋ ಕೈಲಿ ಹಿಡಿದು ನೋಡಿ, ಎರಡೂ ಒಟ್ಟಿಗೇ ಇಟ್ಟಿರ್ತಾರೆ, ಹೋದ್ ಸಲ ನಮ್ ಗ್ರೂಪಿನ ಒಬ್ರು ಮೂರು ಪ್ಲಾಸ್ಟಿಕ್ ರೈಲು ತಂದು ನಂಗೆ ಬೈದ್ರು.

ಏಸಿ ನೀರು ಸೋರ್ತಿದೆ ಅಂತ ಯಾರೋ ಅಂದ್ರು, ಹೌದು ನಂಗೂ ಗೊತ್ತು, ಆ ಸೀಟಿಗೆ ಟವೆಲ್ ಕೊಡ್ತೀನಿ ತಡೀರಿ.

ಮದ್ದೂರು. ಸೇತುವೆ ಕೆಳಗೆ ಹರೀತಿರೋದು ಶಿಂಷಾ. ಶಿವಪುರ ಇಲ್ಲೇ, 1938ರ ಏಪ್ರಿಲಲ್ಲಿ ಬ್ಯಾನ್ ಇದ್ರೂ ಇಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ರು, ಮೈಸೂರು ಸಂಸ್ಥಾನದ ದೊಡ್ಡ ಗಲಾಟೆ ಅದು, ನೆನಪಿಗೆ ಸತ್ಯಾಗ್ರಹ ಸೌಧ ಕಟ್ಟಿದಾರೆ.

ಸರಿ, ಈಗ ವಡೆ. ರೈಲ್ವೆ ಸ್ಟೇಷನ್ನಲ್ಲಿ ಹುಟ್ಟಿದ ವಡೆ ಇದು, ರೈಲು ಬಂದ್ಬಿಡ್ತು, ಬೋಂಡ ಬೇಯೋಕೆ ಟೈಮ್ ಇಲ್ಲ, ಹಿಟ್ನ ತಟ್ಟಿ ಎಣ್ಣೆಗೆ ಬಿಟ್ರು ಅಂತ ಕಥೆ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ. ಉದ್ದಿನ ವಡೆ ತರ ಮೆತ್ತಗಿರಲ್ಲ ಅಜ್ಜಿ, ಹಲ್ಲಿಗೆ ಸ್ವಲ್ಪ ಕೆಲ್ಸ ಇದೆ, ಚಟ್ನೀಲಿ ಅದ್ದಿ ತಿನ್ನಿ.

ಇನ್ನು ಎರಡೂ ಕಡೆ ಕಬ್ಬು. ಎತ್ತಿನ ಗಾಡಿ ಸಿಕ್ಕಿದ್ರೆ ಶಿವಣ್ಣ ಹಾರ್ನ್ ಹೊಡಿಯಲ್ಲ, ಅವ್ರೂ ಇದೇ ಕಡೆಯವ್ರು. ಮಂಡ್ಯ ಹೀಗೆ ಹಸಿರಾಗಿರೋದು ಕೆಆರ್‌ಎಸ್‌ನಿಂದ ಬರೋ ವಿಶ್ವೇಶ್ವರಯ್ಯ ನಾಲೆಯಿಂದ, ಆಚೆ ಕಡೆ ನೀರು ತಲುಪದ ಊರಲ್ಲಿ ರಾಗಿ. ಸಕ್ಕರೆ ಫ್ಯಾಕ್ಟರಿ 1933ರದ್ದು. ಮಂಡ್ಯ ಊರೊಳಗೆ ಟ್ರಾಫಿಕ್ಕು, ಹತ್ತು ನಿಮಿಷ ನಾನು ಸುಮ್ನಿರ್ತೀನಿ, ನಿದ್ದೆ ಮಾಡೋರು ಮಾಡಿ.

ಎದ್ದೇಳಿ ಎದ್ದೇಳಿ. ಡೋರ್ ಸೈಡಲ್ಲಿ ಕರಿಘಟ್ಟ, ತುದೀಲಿ ಶ್ರೀನಿವಾಸನ ಗುಡಿ.

ಕಾವೇರಿ! ಕಿಟಕಿಯಿಂದ ಕೈ ಆಚೆ ಹಾಕ್ಬೇಡಿ, ಕಾಸು ಎಸೀಬೇಡಿ. ಇದು ಒಂದು ಕವಲು, ಇನ್ನೊಂದು ಸ್ವಲ್ಪ ಹೊತ್ತಿಗೆ ಬರುತ್ತೆ, ನಡುವೆ ನಾವು ದ್ವೀಪದ ಮೇಲಿದೀವಿ. ಶ್ರೀರಂಗಪಟ್ಟಣ. ಬಲಕ್ಕೆ ಕೋಟೆ, ಒಳಗೆ ರಂಗನಾಥ, ಆದಿರಂಗ. ಎಡಕ್ಕೆ ಹೋದ್ರೆ ದರಿಯಾ ದೌಲತ್, ಟಿಪ್ಪು 1784ರಲ್ಲಿ ಕಟ್ಸಿದ ಬೇಸಿಗೆ ಅರಮನೆ, ಆಮೇಲೆ ಗುಂಬಜ್. ಕೋಟೆ ಬಿದ್ದಿದ್ದು 1799 ಮೇ 4, ಟಿಪ್ಪು ಸತ್ತಿದ್ದೂ ಅವತ್ತೇ. ಇಲ್ಲಿ ಎರಡು ಗಂಟೆ ನಿಲ್ತೀವಿ, ಮೊದ್ಲು ದೇವಸ್ಥಾನ, ಬಾಗ್ಲು ಹಾಕೋ ಮುಂಚೆ.

ಎಣಿಸಿದ್ದಾಯ್ತು, ಮೂವತ್ತೊಂದು ಜನ, ಸರಿ ಇದೆ, ರೈಟ್.

ಇದೇ ಆ ಇನ್ನೊಂದು ಕವಲು. ಬಲಕ್ಕೆ ಮೇಲ್ಗಡೆ ಹೋದ್ರೆ ರಂಗನತಿಟ್ಟು, 1940ರಿಂದ ಪಕ್ಷಿಧಾಮ, ಸಲೀಂ ಅಲಿ ಹೇಳಿ ಮಾಡ್ಸಿದ್ದು. ಅಲ್ಲಿಗೆ ನಾಳೆ ಬೆಳಿಗ್ಗೆ, ಬಿಸಿಲೇರಿದ ಮೇಲೆ ಮೊಸಳೆ ಬಿಟ್ರೆ ಎಲ್ಲಾ ಸೋಮಾರಿ.

ಮುಂದೆ ನೇರ ನೋಡಿ, ಸ್ವಲ್ಪ ಎಡಕ್ಕೆ, ಗುಡ್ಡದ ಆಕಾರ ಕಾಣ್ತಿದ್ಯಾ? ಚಾಮುಂಡಿ ಬೆಟ್ಟ. ನಮ್ ಕಡೆ ಅದು ಕಂಡ್ರೆ ಮನೆಗೆ ಬಂದಂಗೆ.

ಮೈಸೂರು ಶುರು. ಹೋಟೆಲ್ಲಿಗೆ ಹೋಗಿ ಸಾಮಾನಿಟ್ಟು, ಸಂಜೆ ಆರೂವರೆಗೆ ರೂಮಿಂದ ಕೆಳಗಿಳಿರಿ. ಅರಮನೆ ಹಳೇದು 1897ರಲ್ಲಿ ಸುಟ್ಟೋಯ್ತು, ಈಗಿರೋದು 1912ರಲ್ಲಿ ಮುಗ್ದಿದ್ದು, ಹೆನ್ರಿ ಇರ್ವಿನ್ ಡಿಸೈನ್. ಇವತ್ತು ಭಾನುವಾರ ಆದ್ರಿಂದ ದೀಪ ಹಾಕ್ತಾರೆ, ಲಕ್ಷದ ಹತ್ತತ್ರ ಬಲ್ಬು, ಒಂದೇ ಸಲ ಹತ್ತುತ್ತೆ. ಆ ಕ್ಷಣ ಎಲ್ರೂ ಫೋನ್ ಎತ್ತಿ ಹಿಡೀತಾರೆ, ನೀವು ಒಂದು ಹತ್ತು ಸೆಕೆಂಡ್ ಬರೀ ಕಣ್ಣಲ್ಲಿ ನೋಡ್ಬಿಡಿ, ಫೋಟೋ ಆಮೇಲೆ ತೆಗೀಬೋದು, ದೀಪ ಎಲ್ಲೂ ಓಡೋಗಲ್ಲ.

ಹೋಟೆಲ್ ಬಂತು, ಡೋರ್ ಸೈಡಲ್ಲಿ ಇಳೀರಿ. ಸೀಟ್ ಕೆಳಗೆ ಚಪ್ಪಲಿ, ಚಾರ್ಜರ್, ಬೊಂಬೆ ಕವರ್ ನೋಡ್ಕೊಳ್ಳಿ. ಹದಿನಾಲ್ಕನೇ ಸೀಟವ್ರೆ, ನನ್ ಟವೆಲ್.