ಗುರುಗಳೇ, ಇನ್ನು ಮುಂದೆ ಸಂಸ್ಕೃತದಲ್ಲೇ ಉತ್ತರ ಕೊಡಿ

ಗುರುಗಳೇ, ನಮಸ್ಕಾರ.

ನಾನು ಸರೋಜ. ಭಾನುವಾರದ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುವವಳು. ವಾರದ ಮಧ್ಯೆ ಹೊತ್ತಲ್ಲದ ಹೊತ್ತಿನಲ್ಲಿ ವಾಟ್ಸಾಪಿನಲ್ಲಿ ಸಂಶಯ ಕೇಳಿ ತೊಂದರೆ ಕೊಡುವವಳೂ ನಾನೇ. ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬಿಡುವಾದಾಗ ಓದಿ.

ನಾನು ಏನೇ ಕೇಳಿದರೂ ನೀವು ಕನ್ನಡದಲ್ಲಿ ಚೆನ್ನಾಗಿ ಬಿಡಿಸಿ ಹೇಳುತ್ತೀರಿ. ಅವತ್ತಿಗೆ ಎಲ್ಲ ತಿಳಿಯುತ್ತದೆ. ಆದರೆ ಮುಂದಿನ ಶ್ಲೋಕ ಬಂದಾಗ ಮತ್ತೆ ಸೊನ್ನೆಯಿಂದ ಶುರು. ನಿಮ್ಮ ಅರ್ಥ ಬಾಯಿಪಾಠ ಆಗಿರುತ್ತದೆ, ಸಂಸ್ಕೃತ ಬಂದಿರುವುದಿಲ್ಲ. ಶ್ಲೋಕದ ಮಟ್ಟಿಗೂ ಹಾಗೇ ಆಗಿದೆ ನನ್ನ ಕಥೆ. ನಮ್ಮಮ್ಮನ ಬಾಯಲ್ಲಿ ಕೇಳಿ ಕೇಳಿ ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡಿರಲಿಲ್ಲ, ಹಿಂದಿ ತಗೊಂಡಿದ್ದೆ.

ಹಾಗಾಗಿ ಒಂದು ಕೋರಿಕೆ. ಇನ್ನು ಮೇಲೆ ನನ್ನ ಪ್ರಶ್ನೆಗಳಿಗೆ ಸಂಸ್ಕೃತದಲ್ಲೇ ಉತ್ತರ ಕೊಡ್ತೀರಾ? ಕೆಳಗೆ ಸರಳವಾದ ಕನ್ನಡ ಅರ್ಥ ಇದ್ದರೆ ಸಾಕು.

ಇದು ಹೊಳೆದದ್ದು ಹೋದ ತಿಂಗಳು. ಕ್ಲಾಸಿನಲ್ಲಿ ನೀವು "ಗೃಹೇ ಕಃ ಅಸ್ತಿ?" ಅಂತ ಸುಮ್ನೆ ಕೇಳಿದಿರಿ. ಮನೆಯಲ್ಲಿ ಯಾರಿದ್ದಾರೆ ಅಂತ. ಮಾರನೇ ದಿನ ಬೆಳಗ್ಗೆ ಎದ್ದು ಕೈ ನೋಡಿಕೊಂಡು "ಕರಾಗ್ರೇ, ಕರಮಧ್ಯೇ, ಕರಮೂಲೇ" ಅಂತ ಹೇಳುತ್ತಿದ್ದಾಗ ತಟ್ಟನೆ ಅರ್ಥವಾಯಿತು. ಗೃಹೇ ಅಂದರೆ ಮನೆಯಲ್ಲಿ. ಹಾಗಾದರೆ ಕರಾಗ್ರೇ ಅಂದರೆ ಕೈಯ ತುದಿಯಲ್ಲಿ! ಇಷ್ಟು ವರ್ಷ ಹೇಳಿದ್ದು ಅವತ್ತು ಕಿವಿಗೆ ಬಿತ್ತು. ನೀವು ಸಪ್ತಮೀ ವಿಭಕ್ತಿ ಅಂತ ಬೋರ್ಡಿನ ಮೇಲೆ ಬರೆದಾಗ ಆಗದೇ ಇದ್ದದ್ದು ಒಂದು ಸಣ್ಣ ಮಾತಿನಿಂದ ಆಯಿತು.

ಆದರೆ ಅದೇ ಬುದ್ಧಿವಂತಿಕೆ ಮುಂದಿನ ವಾರ ಕೈಕೊಟ್ಟಿತು. ಭಜಗೋವಿಂದದಲ್ಲಿ ಈ ಸಾಲು ಇದೆಯಲ್ಲ:

ಇಹ ಸಂಸಾರೇ ಬಹುದುಸ್ತಾರೇ
ಕೃಪಯಾಽಪಾರೇ ಪಾಹಿ ಮುರಾರೇ

ಎಲ್ಲ ಕಡೆ 'ಏ' ಇದೆ, ಎಲ್ಲವೂ 'ಅಲ್ಲಿ' ಅಂದುಕೊಂಡೆ. ಸಂಸಾರದಲ್ಲಿ ಸರಿ, ಮುರಾರಿಯಲ್ಲಿ ಅಂದರೆ ಏನು? ಅದು ಕೃಷ್ಣನನ್ನು ಕರೆಯುವುದು ಅಂತ ನೀವು ಹೇಳಿದ ಮೇಲೆ ಗೊತ್ತಾಯಿತು. ಮೊದಲ ಶ್ಲೋಕದ 'ಕಾಲೇ' ಒಂದು ಥರ, 'ಮೂಢಮತೇ' ಇನ್ನೊಂದು ಥರ. 'ವಂದೇ' ಅಂತೂ ಕ್ರಿಯಾಪದ. ಮೂರರ ಕೊನೆಗೂ ಅದೇ 'ಏ'. ಇದನ್ನೆಲ್ಲ ಪಟ್ಟಿ ಮಾಡಿ ಉರು ಹೊಡೆದರೆ ನನ್ನ ವಯಸ್ಸಿಗೆ ನಿಲ್ಲುವುದಿಲ್ಲ ಗುರುಗಳೇ. ಮಾತಿನಲ್ಲಿ ದಿನಾ ಕೇಳಿದರೆ ನಿಲ್ಲುತ್ತದೆ.

ಕನ್ನಡ ಬರುವುದೇ ನನಗೆ ಇನ್ನೊಂದು ತೊಡಕು. ಗೊತ್ತಿರುವ ಪದ ಕಂಡ ಕೂಡಲೇ ಗೊತ್ತು ಅಂದುಕೊಂಡುಬಿಡುತ್ತೇನೆ. ಸಂಸಾರ ಅಂದರೆ ನನಗೆ ಗಂಡ, ಮಕ್ಕಳು, ಗ್ಯಾಸ್ ಸಿಲಿಂಡರು. ಅದನ್ನು ದಾಟುವುದು ಬಹಳ ಕಷ್ಟ ಅಂತ ನಮ್ಮ ಯಜಮಾನರಿಗೆ ಅರ್ಥ ಹೇಳಿದೆ. "ಅದಕ್ಕೆ ಆಚಾರ್ಯರೇ ಬೇಕಿತ್ತಾ?" ಅಂದರು. ಹುಟ್ಟು ಸಾವಿನ ಸುತ್ತಾಟ ಅಂತ ಆಮೇಲೆ ನಿಮ್ಮಿಂದ ತಿಳಿಯಿತು. 'ಕೃಪಯಾ' ಅನ್ನುವುದನ್ನೂ 'ದಯವಿಟ್ಟು' ಅಂದುಕೊಂಡಿದ್ದೆ, ಕ್ಲಾಸಿನಲ್ಲಿ ನೀವು "ಕೃಪಯಾ ಉಪವಿಶತು" ಅಂತೀರಲ್ಲ, ಅದಕ್ಕೆ. ಇಲ್ಲಿ 'ಕೃಪೆಯಿಂದ' ಅಂತ. 'ಭುಜಗಶಯನಂ' ಕಥೆ ಹೇಳಲೇ ನಾಚಿಕೆ. ಭುಜಕ್ಕೆ ತಲೆ ಆನಿಸಿ ಮಲಗಿದವನು ಅಂದುಕೊಂಡಿದ್ದೆ! ಕ್ಯಾಲೆಂಡರಿನಲ್ಲಿ ವಿಷ್ಣು ಹಾಗೇ ಮಲಗಿರುತ್ತಾನೆ, ಅಲ್ವಾ? ಭುಜಗ ಅಂದರೆ ಹಾವು ಅಂತ ನನಗೇನು ಗೊತ್ತು.

ಅದಕ್ಕೇ ಕನ್ನಡ ಅರ್ಥ ಮನೆಮಾತಿನಲ್ಲಿ ಇರಲಿ ಅಂತ ಕೇಳುತ್ತಿರುವುದು. ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಕರಾಗ್ರ ಅಂದರೆ 'ಹಸ್ತದ ಅಗ್ರಭಾಗ' ಅಂತಿದೆ. ಅದಕ್ಕೆ ಇನ್ನೊಂದು ಅರ್ಥ ಬರೆಯಬೇಕು. 'ಬೆರಳ ತುದಿ' ಅಂದರೆ ಮುಗಿಯಿತು.

ನನ್ನ ಮನಸ್ಸಿನಲ್ಲಿರುವುದು ಹೀಗೆ. ತಪ್ಪಿದ್ದರೆ ತಿದ್ದಿ.

ನಾನು: 'ಮುರಾರೇ' ಇತಿ ಕಿಮ್?
('ಮುರಾರೇ' ಅಂದರೆ ಏನು?)

ನೀವು: ಸಂಬೋಧನಮ್. ಹೇ ಮುರಾರೇ! ಪಾಹಿ!
(ಕರೆಯುವುದು. ಓ ಮುರಾರಿ! ಕಾಪಾಡು!)

ನಾನು: 'ಸಂಸಾರೇ' ಅಪಿ ಸಂಬೋಧನಂ ವಾ?
('ಸಂಸಾರೇ' ಕೂಡ ಕರೆಯುವುದಾ?)

ನೀವು: ನ. ಕುತ್ರ? ಸಂಸಾರೇ. ಸಪ್ತಮೀ.
(ಅಲ್ಲ. ಎಲ್ಲಿ? ಸಂಸಾರದಲ್ಲಿ. ಏಳನೇ ವಿಭಕ್ತಿ.)

ಇಷ್ಟೇ. ಒಂದು ಸಲಕ್ಕೆ ಎರಡು ಮೂರು ವಾಕ್ಯ ಸಾಕು, ಜಾಸ್ತಿ ಬೇಡ. ಸದ್ಯಕ್ಕೆ ಸಂಧಿ ಬಿಡಿಸಿಯೇ ಬರೆಯಿರಿ. 'ರಾಮೋಽಸ್ತಿ' ಅಂದರೆ ನಾನು ನಿಂತುಬಿಡುತ್ತೇನೆ, 'ರಾಮಃ ಅಸ್ತಿ' ಅಂದರೆ ನಡೆಯುತ್ತೇನೆ. ಅಕ್ಷರ ಕನ್ನಡದ್ದೇ ಇರಲಿ. ದೇವನಾಗರಿ ಹಿಂದಿಯಿಂದಾಗಿ ಓದಲು ಬರುತ್ತದೆ, ಆದರೆ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅರ್ಥ ತಪ್ಪಿಹೋಗುತ್ತದೆ. ವಾರಕ್ಕೊಮ್ಮೆ ಒಂದು ಉತ್ತರ ವಾಯ್ಸ್ ಮೆಸೇಜಿನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಹರಿಃ ಅನ್ನುವಾಗ ಕೊನೆಗೆ 'ಹಿ' ಬರಬೇಕು, ನನ್ನ ಬಾಯಲ್ಲಿ ಈಗಲೂ 'ಹ'ನೇ ಬರುತ್ತದೆ.

ನಿಮಗೆ ಕೆಲಸ ಜಾಸ್ತಿ ಆಗುತ್ತದೆ ಅಂತ ಗೊತ್ತು. ಒಂದೇ ಮಾತು ಎರಡು ಸಲ ಬರೆಯಬೇಕು. ಹಾಗಾಗಿ ದಿನಕ್ಕೆ ಒಂದೇ ಪ್ರಶ್ನೆ ಕೇಳುತ್ತೇನೆ, ಇದು ಮಾತು. ನಾನು ಕೇಳುವುದನ್ನೂ ಆದಷ್ಟು ಸಂಸ್ಕೃತದಲ್ಲೇ ಕೇಳುತ್ತೇನೆ. ತಪ್ಪಿರುತ್ತದೆ. ತಪ್ಪಿದ ಪದವನ್ನು ಸರಿಮಾಡಿ ಮತ್ತೆ ಬರೆದರೆ ಸಾಕು, ಸೂತ್ರ ಹೇಳುವುದು ಬೇಡ. "ನಹಿ ನಹಿ ರಕ್ಷತಿ ಡುಕೃಞ್ಕರಣೇ" ಅಂತ ಭಜಗೋವಿಂದದ ಮೊದಲ ಶ್ಲೋಕವೇ ಹೇಳುತ್ತದೆ, ವ್ಯಾಕರಣ ಕೊನೆಗಾಲಕ್ಕೆ ಕಾಪಾಡುವುದಿಲ್ಲ ಅಂತ. ಅದನ್ನು ತಿಳಿದುಕೊಳ್ಳುವುದಕ್ಕೂ ವ್ಯಾಕರಣ ಬೇಕಾಯಿತಲ್ಲ, ಅದೇ ತಮಾಷೆ.

ಇವತ್ತಿನ ಪ್ರಶ್ನೆ ಇದು. ಕ್ಲಾಸಿನಲ್ಲಿ ನೀವು ಹೇಳಿಕೊಟ್ಟಿದ್ದು 'ವಸತಿ', ಅಂದರೆ ವಾಸಿಸುತ್ತಾನೆ. 'ಸಃ ಗ್ರಾಮೇ ವಸತಿ.' ಆದರೆ ಬೆಳಗಿನ ಶ್ಲೋಕದಲ್ಲಿ "ಕರಾಗ್ರೇ ವಸತೇ ಲಕ್ಷ್ಮೀಃ" ಅಂತಿದೆ. ಅಮ್ಮ 'ವಸತೇ' ಅಂತಲೇ ಹೇಳುತ್ತಾರೆ, ಪುಸ್ತಕದಲ್ಲೂ ಹಾಗೇ ಇದೆ. 'ವಸತಿ' ಅಂತ ಬದಲಿಸಿ ಹೇಳಿ ನೋಡಿದೆ. ರಾಗ ಎಡವಿದ ಹಾಗಾಯಿತು. ಛಂದಸ್ಸಿಗಾಗಿ ಹಾಗೆ ಮಾಡಿದ್ದಾರಾ? ಇದನ್ನು ಸಂಸ್ಕೃತದಲ್ಲಿ ಕೇಳಲು ನನ್ನಿಂದಾಗಲಿಲ್ಲ. ಉತ್ತರ ಮಾತ್ರ ಸಂಸ್ಕೃತದಲ್ಲಿ ಬರಲಿ.

ಇನ್ನೊಂದು ವಿಷಯ, ಇದನ್ನು ನಾನೇ ಕೂತು ಕಟ್ಟಿದ್ದೇನೆ:

ರವಿವಾಸರೇ ಮಮ ಮಾತಾ ಅಪಿ ಆಗಮಿಷ್ಯತಿ. ಸಾ ಭೂಮೌ ನ ಉಪವಿಶತಿ. ತತ್ರ ಆಸಂದಃ ಅಸ್ತಿ ವಾ?
(ಭಾನುವಾರ ನಮ್ಮಮ್ಮನೂ ಬರುತ್ತಾರೆ. ಅವರು ನೆಲದ ಮೇಲೆ ಕೂರುವುದಿಲ್ಲ. ಅಲ್ಲಿ ಕುರ್ಚಿ ಇದೆಯಾ?)

ಇಲ್ಲದಿದ್ದರೆ ಹೇಳಿ, ಆಟೋದಲ್ಲಿ ಮನೆಯಿಂದಲೇ ಒಂದು ತರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಸರೋಜ
ದಾವಣಗೆರೆ